ಸೊನ್ನೆ, ಒಂದು, ಎರಡು: ಭಜನಾ ಮಂಡಳಿಯ ಚಾನೆಲ್‌ಗೆ ಪಂಚಾಂಗದ ವೇಳಾಪಟ್ಟಿ ಕಟ್ಟಿದ್ದು

ನಮ್ಮ ಮೈಸೂರಿನ ಭಜನಾ ಮಂಡಳಿಗೆ ಒಂದು ಯೂಟ್ಯೂಬ್ ಚಾನೆಲ್ ಇದೆ, ಜೊತೆಗೆ ಒಂದು ವಾಟ್ಸಾಪ್ ಚಾನೆಲ್. ಹಾಡು, ವ್ರತದ ಕಥೆ, ನೈವೇದ್ಯದ ಅಡುಗೆ, ಪೂಜೆಗೆ ಬೇಕಾದ ಸಾಮಾನಿನ ಪಟ್ಟಿ, ಇಷ್ಟೇ ಅದರ ಸರಕು. ಯಾವ ದಿನ ಏನು ಹಾಕಬೇಕೆಂಬುದು ಇದುವರೆಗೆ ಗೋಡೆಯ ಕ್ಯಾಲೆಂಡರ್ ನೋಡಿ ಒಂದು ಶೀಟ್‌ನಲ್ಲಿ ತುಂಬಿದ ತಾರೀಖುಗಳ ಮೇಲೆ ನಡೆಯುತ್ತಿತ್ತು. ಪರಾಭವ ಸಂವತ್ಸರಕ್ಕೆ, ಅಂದರೆ 2026ರ ಯುಗಾದಿಯಿಂದ ಮುಂದಕ್ಕೆ, ಆ ಶೀಟನ್ನು ತಾನೇ ಲೆಕ್ಕ ಹಾಕಿಕೊಳ್ಳುವ ಹಾಗೆ ಮಾಡಿಕೊಡಬೇಕೆಂದು ಹಿರಿಯರು ಹೇಳಿದರು. ಕಟ್ಟಿದ್ದು ಹೇಗೆ, ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದರ ದಾಖಲೆ ಇದು. ಪೈಥಾನ್ ಸ್ವಲ್ಪ ಗೊತ್ತಿದ್ದು, ಮನೆಯಲ್ಲಿ ಪಂಚಾಂಗ ಇರುವ ಯಾರಾದರೂ ಇದನ್ನು ಮಾಡಿಕೊಳ್ಳಬಹುದು.

ಹಿಂದಕ್ಕೆ ಎಣಿಸುವುದು

ಹಳೆಯ ಶೀಟಿನ ತೊಂದರೆ ತಾರೀಖು ತಪ್ಪಿರುವುದಲ್ಲ. ತಾರೀಖು ಸರಿಯಾಗಿಯೇ ಇರುತ್ತಿತ್ತು, ಆದರೆ ಪೋಸ್ಟ್ ಹೋಗುತ್ತಿದ್ದುದು ಅದೇ ದಿನ ಬೆಳಗ್ಗೆ ಏಳಕ್ಕೆ. ಮಂಡಳಿಯ ಕಾರ್ಯದರ್ಶಿ ಅಮ್ಮನವರು ಮೊದಲ ದಿನವೇ ಹೇಳಿದ್ದು ಇದು: "ಏಕಾದಶಿ ದಿನ ಬೆಳಗ್ಗೆ ಏಳಕ್ಕೆ 'ಇಂದು ಏಕಾದಶಿ' ಅಂತ ಹಾಕಿದ್ರೆ ಏನು ಬಂತಪ್ಪ? ಅಷ್ಟರೊಳಗೆ ಕಾಫಿ ಆಗಿರುತ್ತೆ." ನಿಯಮವಾಗಿ ಮಾಡುವವರು ದಶಮಿಯ ರಾತ್ರಿಯೇ ಊಟ ಬಿಡುತ್ತಾರೆ. ಅವರಿಗೆ ದಶಮಿ ಬೆಳಗ್ಗೆ ಗೊತ್ತಾದರೆ ಮಾತ್ರ ಪ್ರಯೋಜನ. ಮತ್ತೆ ದ್ವಾದಶಿ ಪಾರಣೆಯ ಹೊತ್ತು ಏಕಾದಶಿ ಸಂಜೆಯ ಒಳಗೆ ಕೈಗೆ ಸಿಗಬೇಕು, ಏಕೆಂದರೆ ಪಾರಣೆಗೆ ಏಳುವುದು ಬೆಳಗಿನ ಜಾವ.

ಒಂದೊಂದು ಆಚರಣೆಗೂ ಹೀಗೆ ತನ್ನದೇ ಮುಂಗಡ ಇದೆ. ದೀಪಾವಳಿಯಲ್ಲಿ ನಮ್ಮ ಕಡೆ ಎಲ್ಲಕ್ಕಿಂತ ಮೊದಲು ಬರುವುದು ನೀರು ತುಂಬುವ ಹಬ್ಬ. ತ್ರಯೋದಶಿಯ ಸಂಜೆ ಹಂಡೆ ತೊಳೆದು ಸಿಂಗರಿಸಿ ನೀರು ತುಂಬಿಟ್ಟರೆ, ಮರುದಿನ ಸೂರ್ಯ ಹುಟ್ಟುವ ಮುನ್ನ ನರಕ ಚತುರ್ದಶಿಯ ಎಣ್ಣೆಸ್ನಾನ. ಎಣ್ಣೆಸ್ನಾನದ ಹಾಡನ್ನು ಬೆಳಗ್ಗೆ ಎಂಟಕ್ಕೆ ಹಾಕಿದರೆ ಕೇಳುವವರು ತಲೆ ಒರೆಸಿಕೊಂಡು ಆಗಿರುತ್ತದೆ. ವರಮಹಾಲಕ್ಷ್ಮಿ ಶುಕ್ರವಾರವಾದರೆ ಸಾಮಾನಿನ ಪಟ್ಟಿ ಮಂಗಳವಾರವೇ ಹೋಗಬೇಕು, ಏಕೆಂದರೆ ಹೂವಿನ ಬೆಲೆ ಗುರುವಾರ ಏರುತ್ತದೆ. ಸಂಕಷ್ಟಿಗೆ ಮಾತ್ರ ಅಷ್ಟು ಮುಂಗಡ ಬೇಡ. ಉಪವಾಸದವರು ಸಂಜೆಯ ಹೊತ್ತಿಗೆ ಕೇಳುವುದು ಒಂದೇ ಪ್ರಶ್ನೆ, ಚಂದ್ರ ಎಷ್ಟೊತ್ತಿಗೆ?

ಆದ್ದರಿಂದ ಶೀಟಿನ ಆಧಾರ 'ತಾರೀಖು' ಆಗುವ ಬದಲು 'ಕ್ಷಣ' ಆಯಿತು. ಪ್ರತಿ ಆಚರಣೆಗೂ ಒಂದು ಮುಖ್ಯ ಕ್ಷಣ ಇರುತ್ತದೆ: ಯುಗಾದಿಗೆ ಸೂರ್ಯೋದಯ, ಗಣೇಶನಿಗೆ ಮಧ್ಯಾಹ್ನ, ದೀಪಾವಳಿಯ ಲಕ್ಷ್ಮೀಪೂಜೆಗೆ ಸೂರ್ಯಾಸ್ತದ ಪ್ರದೋಷ, ಸಂಕಷ್ಟಿಗೆ ಚಂದ್ರೋದಯ, ಶಿವರಾತ್ರಿಗೆ ನಡುರಾತ್ರಿಯ ನಿಶೀಥ. ಆ ಕ್ಷಣದಿಂದ ಹಿಂದಕ್ಕೆ ಇಷ್ಟು ಗಂಟೆ ಎಂದು ಎಣಿಸಿದರೆ ಪೋಸ್ಟಿನ ಹೊತ್ತು ಸಿಗುತ್ತದೆ. ಇದರ ಲಾಭ ಇನ್ನೂ ಒಂದಿದೆ. ಯಾವ ದಿನ ಹಬ್ಬ ಎಂದು ತೀರ್ಮಾನಿಸಲು ಧರ್ಮಶಾಸ್ತ್ರ ನೋಡುವುದೂ ಇದೇ ಕ್ಷಣವನ್ನು. ಎರಡು ಕೆಲಸಕ್ಕೆ ಒಂದೇ ಕಾಲಂ ಸಾಕು.

```
id,masa,tithi,kala,sonne,eradu,post_h
yugadi,1,1,udaya,arambha,modalu,-36
ganesha,6,4,madhyahna,arambha,modalu,-66
deepavali,7,30,asta,arambha,kelu,-48
sankashti,*,19,chandrodaya,arambha,modalu,-3
```

ಮಾಸದ ಎಣಿಕೆ ನಮ್ಮ ಅಮಾಂತ ಪದ್ಧತಿಯದು, ಚೈತ್ರ 1. ತಿಥಿಗಳು 1ರಿಂದ 30: ಶುಕ್ಲ ಪಾಡ್ಯ 1, ಹುಣ್ಣಿಮೆ 15, ಕೃಷ್ಣ ಚತುರ್ಥಿ 19, ಅಮಾವಾಸ್ಯೆ 30. `kala` ಮೇಲೆ ಹೇಳಿದ ಕ್ಷಣ. `sonne`, `eradu` ಎಂಬ ಎರಡು ಕಾಲಂ ಏಕೆ ಎಂಬುದರಲ್ಲೇ ಈ ಇಡೀ ಕೆಲಸದ ಕಷ್ಟ ಅಡಗಿದೆ.

ತಿಥಿ ಸುಲಭ

ತಿಥಿಯ ಲೆಕ್ಕಕ್ಕೆ ಹೆದರಬೇಕಾಗಿಲ್ಲ. ಚಂದ್ರ ಸೂರ್ಯನಿಂದ ಎಷ್ಟು ಅಂಶ ಮುಂದೆ ಹೋಗಿದ್ದಾನೆ ಎಂದು ನೋಡಿ 12ರಿಂದ ಭಾಗಿಸುವುದು, ಅಷ್ಟೇ. ಗ್ರಹಸ್ಥಿತಿಗೆ ಸ್ವಿಸ್ ಎಫಿಮೆರಿಸ್‌ನ ಪೈಥಾನ್ ರೂಪ `pyswisseph` ಬಳಸಿದೆ.

```python
import swisseph as swe

def tithi(jd):
    s = swe.calc_ut(jd, swe.SUN)[0][0]
    m = swe.calc_ut(jd, swe.MOON)[0][0]
    return int(((m - s) % 360) // 12) + 1

def huduku(n, dinagalu, kala):
    return [d for d in dinagalu if tithi(kala(d)) == n]
```

ಇಲ್ಲಿ ಅಯನಾಂಶದ, ಅಂದರೆ ನಿರಯನ ರಾಶಿಗೆ ಬರಲು ಸಾಯನ ಸ್ಥಾನದಿಂದ ಕಳೆಯುವ ಅಂಶಗಳ, ಗೊಡವೆ ಇಲ್ಲ. ಸೂರ್ಯ ಚಂದ್ರ ಇಬ್ಬರಿಂದಲೂ ಒಂದೇ ಸಂಖ್ಯೆ ಕಳೆಯುವುದರಿಂದ ವ್ಯತ್ಯಾಸದಲ್ಲಿ ಅದು ಹೊಡೆದುಹೋಗುತ್ತದೆ. ಮಾಸದ ಹೆಸರಿಗೆ ಬಂದಾಗ ಮಾತ್ರ ಅದು ಕಾಡುತ್ತದೆ, ಮುಂದೆ ಹೇಳುತ್ತೇನೆ.

ಬಂದ ಉತ್ತರವನ್ನು ಪಂಚಾಂಗದೊಂದಿಗೆ ತಾಳೆ ನೋಡುವಾಗ ಒಂದು ಎಚ್ಚರ ಬೇಕು. 'ಬಾಣವೃದ್ಧಿ ರಸಕ್ಷಯ' ಎಂಬ ಮಾತನ್ನು ಹಿರಿಯರು ಹೇಳುತ್ತಾರೆ: 60 ಘಳಿಗೆಯ ತಿಥಿ ಹೆಚ್ಚೆಂದರೆ 5 ಘಳಿಗೆ ಬೆಳೆಯುತ್ತದೆ, ಸವೆದರೆ ಹೆಚ್ಚೆಂದರೆ 6 ಘಳಿಗೆ ಸವೆಯುತ್ತದೆ. ಅಂದರೆ ತಿಥಿಯ ಅವಧಿ ಸುಮಾರು ಇಪ್ಪತ್ತೊಂದೂವರೆ ಗಂಟೆಗಿಂತ ಕಡಿಮೆ ಆಗಬಾರದು. ಇದು ಸೂರ್ಯಸಿದ್ಧಾಂತದ ಗಣಿತಕ್ಕೆ ಹೊಂದುವ ಮಿತಿ. ಆಕಾಶದಲ್ಲಿ ಕಾಣುವ ಗ್ರಹಸ್ಥಿತಿಗೆ ಹೊಂದುವ ದೃಗ್ಗಣಿತದಲ್ಲಿ ತಿಥಿ ಸುಮಾರು 20 ಗಂಟೆಗೂ ಇಳಿಯುತ್ತದೆ. ಹಾಗೆ ಇಳಿದರೆ ಪ್ರೋಗ್ರಾಂ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಮಠ ಅಥವಾ ಮನೆ ಅನುಸರಿಸುವ ಪಂಚಾಂಗ ಯಾವ ಗಣಿತದ್ದು ಎಂದು ಮೊದಲು ಕೇಳಿಕೊಳ್ಳಿ. ಎರಡರ ನಡುವೆ ತಿಥಿ ಮುಗಿಯುವ ಹೊತ್ತು ಗಂಟೆಗಟ್ಟಲೆ ಬೇರೆಯಾಗಬಹುದು. ನಮ್ಮ ಮಂಡಳಿ ದೃಕ್ ಒಪ್ಪಿಕೊಂಡಿದ್ದರಿಂದ ನನ್ನ ಕೆಲಸ ಹಗುರವಾಯಿತು.

`huduku` ಒಂದು ಪಟ್ಟಿ ಕೊಡುತ್ತದೆ. ಮಾಸದ ಪ್ರತಿ ದಿನದ ಆ ಕ್ಷಣದಲ್ಲಿ ಬೇಕಾದ ತಿಥಿ ಇದೆಯೇ ಎಂದು ನೋಡಿ, ಇರುವ ದಿನಗಳನ್ನು ಕೊಡುವುದು ಅದರ ಕೆಲಸ. ತಿಥಿ 24 ಗಂಟೆಯ ಅಳತೆಗೆ ಬಗ್ಗುವುದಿಲ್ಲವಾದ್ದರಿಂದ ಆ ಪಟ್ಟಿಯಲ್ಲಿ ಒಂದು ದಿನ ಇರಬಹುದು, ಎರಡು ಇರಬಹುದು, ಒಂದೂ ಇಲ್ಲದಿರಬಹುದು. ಬಹುಪಾಲು ಸಾಲುಗಳಿಗೆ ಒಂದೇ ಬರುತ್ತದೆ, ಅಲ್ಲಿಗೆ ಮುಗಿಯಿತು.

ಸೊನ್ನೆ ಬಂದದ್ದು ಯುಗಾದಿಗೇ

ಮೊದಲ ಸಲ ಪೂರ್ತಿ ವರ್ಷ ಓಡಿಸಿದಾಗ ಮೊದಲ ಸಾಲೇ ಖಾಲಿ ಬಂತು. 2026ರಲ್ಲಿ ಯುಗಾದಿ ಇಲ್ಲ!

ಕೈಯಲ್ಲಿ ಲೆಕ್ಕ ಹಾಕಿ ನೋಡಿದರೆ ಪ್ರೋಗ್ರಾಂ ಹೇಳಿದ್ದು ಅಕ್ಷರಶಃ ನಿಜ. ಮಾರ್ಚ್ 19ರಂದು ಮೈಸೂರಿನಲ್ಲಿ ಸೂರ್ಯೋದಯ ಸುಮಾರು 6:30ಕ್ಕೆ. ಆ ಹೊತ್ತಿಗೆ ಇನ್ನೂ ಫಾಲ್ಗುಣದ ಅಮಾವಾಸ್ಯೆ, ಅದು ಮುಗಿಯುವುದು 6:52ರ ಸುಮಾರಿಗೆ. ಅಲ್ಲಿಂದ ಶುರುವಾದ ಪಾಡ್ಯ ಮರುದಿನ ಬೆಳಗಿನ ಜಾವ 4:52ರ ಸುಮಾರಿಗೆ ಮುಗಿದುಹೋಗುತ್ತದೆ. 20ನೇ ತಾರೀಖಿನ ಸೂರ್ಯ ಹುಟ್ಟುವಾಗ ಬಿದಿಗೆ. ಅಂದರೆ ಯಾವ ಸೂರ್ಯೋದಯವನ್ನೂ ಮುಟ್ಟದೆ ಪಾಡ್ಯ ಬಂದು ಹೋಯಿತು. ಪಂಚಾಂಗದವರು ಇದನ್ನು ಕ್ಷಯತಿಥಿ ಎನ್ನುತ್ತಾರೆ.

ಹಬ್ಬವಂತೂ ಕ್ಷಯವಾಗುವುದಿಲ್ಲ. ಪಾಡ್ಯ ಯಾವ ದಿನದ ಹೊಟ್ಟೆಯೊಳಗೆ ಇದೆಯೋ ಆ ದಿನ, ಮಾರ್ಚ್ 19ರ ಗುರುವಾರವೇ, ಯುಗಾದಿ. ಕ್ಯಾಲೆಂಡರ್‌ಗಳಲ್ಲೂ ಅದೇ. ಹೀಗಾಗಿ `sonne` ಕಾಲಂ ಹುಟ್ಟಿತು: ಪಟ್ಟಿ ಖಾಲಿ ಬಂದರೆ ತಿಥಿ ಆರಂಭವಾಗುವ ದಿನವನ್ನು ತೆಗೆದುಕೊ ಎಂಬುದಕ್ಕೆ `arambha`. ಪೋಸ್ಟಿನ ಲೆಕ್ಕವೂ ಅಲ್ಲಿಂದ ಸರಾಗ. 19ರ ಬೆಳಗಿನ 6:30ರಿಂದ 36 ಗಂಟೆ ಹಿಂದಕ್ಕೆ ಹೋದರೆ 17ರ ಸಂಜೆ 6:30. ಬೇವಿನ ಹೂವು, ಮಾವಿನ ಎಲೆ, ಹೊಸ ಪಂಚಾಂಗ ತರಲು ಮಧ್ಯೆ ಒಂದು ಪೂರ್ತಿ ದಿನ ಸಿಗುತ್ತದೆ.

ಇಂಥ ಖಾಲಿ ಸಾಲು ಸದ್ದಿಲ್ಲದೆ ಜಾರಿಹೋಗುವುದು ದೊಡ್ಡ ಅಪಾಯ. ಯುಗಾದಿ ಆದದ್ದಕ್ಕೆ ಕಣ್ಣಿಗೆ ಬಿತ್ತು. ಯಾವುದೋ ಒಂದು ಶುದ್ಧ ಷಷ್ಠಿ ಕಾಣೆಯಾದರೆ ಆ ದಿನ ಚಾನೆಲ್ ಸುಮ್ಮನಿರುತ್ತದೆ, ಯಾರಿಗೂ ಕಾರಣ ತಿಳಿಯುವುದಿಲ್ಲ. ಅದಕ್ಕೆ ಪ್ರೋಗ್ರಾಂ ಈಗ ಸೊನ್ನೆ ಮತ್ತು ಎರಡು ಬಂದ ಸಾಲುಗಳನ್ನೆಲ್ಲ ಬೇರೆ ಪಟ್ಟಿಯಾಗಿ ಮುದ್ರಿಸುತ್ತದೆ. ಆ ಪಟ್ಟಿಯನ್ನು ಪಂಚಾಂಗ ಎದುರಿಗಿಟ್ಟುಕೊಂಡು ಒಬ್ಬರು ಓದಿ ಸಹಿ ಹಾಕಿದ ಮೇಲೆಯೇ ವೇಳಾಪಟ್ಟಿ ಹೊರಗೆ ಹೋಗುವುದು.

ಎರಡು ಬಂದರೆ

ಎರಡು ದಿನ ಸಿಕ್ಕಾಗ ಯಾವುದನ್ನು ಹಿಡಿಯಬೇಕೆಂಬುದಕ್ಕೆ ಎಲ್ಲ ಹಬ್ಬಕ್ಕೂ ಒಂದೇ ನಿಯಮ ಇಲ್ಲ. ಗಣೇಶ ಚತುರ್ಥಿ ಎರಡು ಮಧ್ಯಾಹ್ನಕ್ಕೂ ಇದ್ದರೆ ಮೊದಲ ದಿನ. ಸಂಕಷ್ಟಿ ಎರಡು ಚಂದ್ರೋದಯಕ್ಕೂ ಇದ್ದರೆ ಅದಕ್ಕೂ ಮೊದಲ ದಿನ. ಇವು `modalu`. ದೀಪಾವಳಿಗೆ ಮಾತ್ರ ನಾನು `kelu` ಎಂದು ಬರೆದೆ, ಅಂದರೆ ಪ್ರೋಗ್ರಾಂ ತೀರ್ಮಾನಿಸಬಾರದು, ಮನುಷ್ಯರನ್ನು ಕೇಳಬೇಕು. ಏಕೆಂಬುದಕ್ಕೆ 2024ರ ದೀಪಾವಳಿಯನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದೆ.

ಆ ವರ್ಷ ಆಶ್ವಯುಜ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3:52ರ ಸುಮಾರಿಗೆ ಹಿಡಿದು ನವೆಂಬರ್ 1ರ ಸಂಜೆ 6:16ರ ಸುಮಾರಿಗೆ ಬಿಟ್ಟಿತು. ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ್ದು ಎರಡೂ ದಿನ ಸುಮಾರು 5:53ಕ್ಕೆ. ಎರಡು ಸೂರ್ಯಾಸ್ತಕ್ಕೂ ಅಮಾವಾಸ್ಯೆ ಇದೆ, ಆದ್ದರಿಂದ `huduku` ಎರಡು ದಿನ ಕೊಟ್ಟಿತು. ಅಕ್ಟೋಬರ್ 31ಕ್ಕೆ ಪ್ರದೋಷ ಪೂರ್ತಿ ಸಿಗುತ್ತದೆ. ನವೆಂಬರ್ 1ಕ್ಕೆ ಉದಯದಿಂದ ಅಸ್ತದವರೆಗೆ ಅಮಾವಾಸ್ಯೆ ಇದ್ದು ಪ್ರದೋಷವನ್ನೂ ಚೂರು ಮುಟ್ಟುತ್ತದೆ. ಎರಡನೆಯ ದಿನ ಸೂರ್ಯಾಸ್ತದ ಮೇಲೆ ಒಂದು ಘಳಿಗೆಯಾದರೂ ಇದ್ದರೆ ಆ ದಿನವನ್ನೇ ಹಿಡಿಯಬೇಕೆಂಬ ವಾದ ಒಂದು, ಪೂಜೆಗೆ ಬೇಕಾದಷ್ಟು ಪ್ರದೋಷ ಇರುವ ಮೊದಲ ದಿನವೇ ಸರಿ ಎಂಬುದು ಇನ್ನೊಂದು. ದೇಶದಲ್ಲಿ ಕೆಲವರು 31ಕ್ಕೆ, ಕೆಲವರು 1ಕ್ಕೆ ಲಕ್ಷ್ಮೀಪೂಜೆ ಮಾಡಿದರು. ನಮ್ಮ ರಾಜ್ಯದ ರಜಾಪಟ್ಟಿಯಲ್ಲಿ 31 ನರಕ ಚತುರ್ದಶಿ, ನವೆಂಬರ್ 2 ಬಲಿಪಾಡ್ಯಮಿ, ನಡುವಿನ 1ನೇ ತಾರೀಖು ಹೇಗೂ ರಾಜ್ಯೋತ್ಸವ.

ಈಗ ಲೆಕ್ಕದ ಸೂಕ್ಷ್ಮ ನೋಡಿ. 5:53ರಿಂದ 6:16ಕ್ಕೆ 23 ನಿಮಿಷ. ಒಂದು ಘಳಿಗೆ ಅಂದರೆ 24 ನಿಮಿಷ. ಸೂರ್ಯಬಿಂಬದ ಮೇಲಂಚು ಕಣ್ಣಿಗೆ ಮರೆಯಾದಾಗ ಅಸ್ತ ಎನ್ನುವುದೋ, ಬಿಂಬದ ನಡುಭಾಗ ಗಣಿತದ ದಿಗಂತ ಮುಟ್ಟಿದಾಗ ಅಸ್ತ ಎನ್ನುವುದೋ ಎಂಬುದರ ಮೇಲೆ ನಮ್ಮ ಅಕ್ಷಾಂಶದಲ್ಲಿ ಮೂರು ನಾಲ್ಕು ನಿಮಿಷ ಆಚೀಚೆ ಆಗುತ್ತದೆ. ಸ್ವಿಸ್ ಎಫಿಮೆರಿಸ್‌ನಲ್ಲಿ ಎರಡನೆಯದಕ್ಕೆ `BIT_HINDU_RISING` ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಅಸ್ತ ಬೇಗ ಬರುತ್ತದೆ, ಘಳಿಗೆ ತುಂಬುತ್ತದೆ. ತೆಗೆದರೆ ತುಂಬುವುದಿಲ್ಲ. ಒಂದು ಸಣ್ಣ ಆಯ್ಕೆಯಿಂದ ದೀಪಾವಳಿ ಒಂದು ದಿನ ಹಿಂದೆ ಮುಂದೆ ಹೋಗುತ್ತದೆಂದರೆ ಆ ತೀರ್ಮಾನವನ್ನು ಪ್ರೋಗ್ರಾಂ ಕೈಗೆ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ನಮ್ಮ ಚಾನೆಲ್ ನೋಡುವವರಲ್ಲಿ ಲಂಡನ್ನಿನ, ನ್ಯೂಜೆರ್ಸಿಯ ಕನ್ನಡಿಗರೂ ಇದ್ದಾರೆ. ಅವರಿಗೆ ಇದೇ ಅಮಾವಾಸ್ಯೆ ಗೊಂದಲವನ್ನೇ ತರಲಿಲ್ಲ. ಲಂಡನ್ ಗಡಿಯಾರದಲ್ಲಿ ಅದು 31ರ ಬೆಳಗ್ಗೆ 10:22ಕ್ಕೆ ಶುರುವಾಗಿ 1ರ ಮಧ್ಯಾಹ್ನ 12:46ಕ್ಕೆ ಮುಗಿಯಿತು. ಅಲ್ಲಿ ಆ ಕಾಲದಲ್ಲಿ ಸೂರ್ಯ ಮುಳುಗುವುದು ನಾಲ್ಕೂವರೆಗೆ, ಹಾಗಾಗಿ ಅಮಾವಾಸ್ಯೆಯ ಸೂರ್ಯಾಸ್ತ 31ರದ್ದು ಒಂದೇ. ನ್ಯೂಜೆರ್ಸಿಯಲ್ಲಿ 1ರ ಬೆಳಗ್ಗೆ 8:46ಕ್ಕೇ ಮುಗಿದಿತ್ತು, ಅಲ್ಲೂ 31. 'ಇಂಡಿಯಾದಲ್ಲಿ 1ನೇ ತಾರೀಖು, ನಾವೂ 1ಕ್ಕೆ ಮಾಡೋಣ' ಎಂದುಕೊಂಡವರಿಗೆ ಸಂಜೆ ಸಿಕ್ಕಿದ್ದು ಪಾಡ್ಯ. ಇದರಿಂದ ಶೀಟಿಗೆ ಊರಿನ ಕಾಲಂ ಬಂತು. ಊರು ಎಂದರೆ ಅಕ್ಷಾಂಶ, ರೇಖಾಂಶ ಮತ್ತು ಗಡಿಯಾರ ಮೂರೂ. ಒಂದೊಂದು ಹಬ್ಬವನ್ನೂ ಮೈಸೂರು, ಲಂಡನ್, ನ್ಯೂಜೆರ್ಸಿ ಮೂರಕ್ಕೂ ಓಡಿಸಿ, ದಿನ ಬೇರೆ ಬಂದರೆ ಮಾತ್ರ ಹೊರದೇಶದವರಿಗೆ ಪ್ರತ್ಯೇಕ ಪೋಸ್ಟ್. ದಿನ ಒಂದೇ ಇದ್ದರೆ ಹೊತ್ತುಗಳನ್ನು ಅದೇ ಪೋಸ್ಟಿನ ಕೆಳಗೆ ಬರೆದರೆ ಸಾಕು. ಸಂಕಷ್ಟಿಗೆ ಕರ್ನಾಟಕದೊಳಗೂ ಇದು ಬೇಕಾಯಿತು. ರೇಖಾಂಶದ ಲೆಕ್ಕದಲ್ಲೇ ಬೆಂಗಳೂರಿಗಿಂತ ಮಂಗಳೂರಿನಲ್ಲಿ ಚಂದ್ರ ಸುಮಾರು 11 ನಿಮಿಷ ತಡ, ಬೆಳಗ್ಗೆಯಿಂದ ಉಪವಾಸ ಇರುವವರಿಗೆ ಅದು ಕಡಿಮೆ ಹೊತ್ತಲ್ಲ.

ಅಧಿಕ ಜ್ಯೇಷ್ಠ

ಮಾಸದ ಹೆಸರು ಕೊಡಲು ಅಮಾವಾಸ್ಯೆಗಳನ್ನು ಯುಗಾದಿಯಿಂದ ಒಂದು, ಎರಡು, ಮೂರು ಎಂದು ಎಣಿಸಿಕೊಂಡು ಹೋದರೆ ಸಾಮಾನ್ಯ ವರ್ಷದಲ್ಲಿ ಸರಿಯಾಗಿಯೇ ನಡೆಯುತ್ತದೆ. 2026ರಲ್ಲಿ ಹಾಗೆ ಮಾಡಿದರೆ ಜ್ಯೇಷ್ಠದ ನಂತರದ ಪ್ರತಿ ಹಬ್ಬವೂ ಒಂದು ತಿಂಗಳು ಮುಂಚೆ ಬಂದು ಕೂರುತ್ತದೆ. ಸೆಪ್ಟೆಂಬರ್ 14ರ ಗಣೇಶ ಆಗಸ್ಟಿನಲ್ಲಿ ಬರುತ್ತಾನೆ. ಹಾಗಾಗಿ ಎಣಿಸುವ ಬದಲು ಸಂಕ್ರಮಣ ನೋಡಬೇಕು. ತಿಂಗಳನ್ನು ಶುರು ಮಾಡುವ ಅಮಾವಾಸ್ಯೆಯ ಕೊನೆಯಲ್ಲಿ ಸೂರ್ಯ ಯಾವ ನಿರಯನ ರಾಶಿಯಲ್ಲಿದ್ದಾನೆ, ತಿಂಗಳನ್ನು ಮುಗಿಸುವ ಅಮಾವಾಸ್ಯೆಯ ಕೊನೆಯಲ್ಲಿ ಯಾವುದರಲ್ಲಿದ್ದಾನೆ ಎಂದು ನೋಡುವುದು. ಮೀನದಲ್ಲಿ ಶುರುವಾದರೆ ಚೈತ್ರ, ಮೇಷದಲ್ಲಿ ವೈಶಾಖ, ವೃಷಭದಲ್ಲಿ ಜ್ಯೇಷ್ಠ. ಎರಡೂ ಕಡೆ ರಾಶಿ ಒಂದೇ ಆಗಿದ್ದರೆ ಆ ತಿಂಗಳಲ್ಲಿ ಸಂಕ್ರಮಣವೇ ಇಲ್ಲ, ಅದು ಅಧಿಕ.

2026ರಲ್ಲಿ ಮೇ 17ರ ನಸುಕಿನ ಒಂದೂವರೆಗೆ ಅಮಾವಾಸ್ಯೆ ಮುಗಿಯುವಾಗ ಸೂರ್ಯ ವೃಷಭಕ್ಕೆ ಬಂದು ಎರಡು ದಿನವಾಗಿದೆ. ಮುಂದಿನ ಅಮಾವಾಸ್ಯೆ ಜೂನ್ 15ರ ಬೆಳಗ್ಗೆ 8:24ರ ಸುಮಾರಿಗೆ ಮುಗಿಯುತ್ತದೆ, ಆಗಲೂ ವೃಷಭ. ಮಿಥುನ ಸಂಕ್ರಮಣ ಅದೇ ದಿನ ಮಧ್ಯಾಹ್ನದ ಹೊತ್ತಿಗೆ. ನಾಲ್ಕೈದು ಗಂಟೆಯ ಅಂತರದಲ್ಲಿ ಇಡೀ ತಿಂಗಳು ಅಧಿಕವಾಯಿತು. ಇಲ್ಲಿಯೇ ಅಯನಾಂಶ ತನ್ನ ಕೈ ತೋರಿಸುವುದು. ಸೂರ್ಯ ನಾಲ್ಕೈದು ಗಂಟೆಯಲ್ಲಿ ಚಲಿಸುವುದು ಸುಮಾರು 11 ಕಲೆ ಮಾತ್ರ, ಒಂದು ಅಂಶಕ್ಕೆ 60 ಕಲೆ. ಹೆಚ್ಚಿನ ದೃಕ್ ಪಂಚಾಂಗಗಳು ಬಳಸುವ ಲಾಹಿರಿ ಅಯನಾಂಶಕ್ಕೆ ಬದಲು, ಅದಕ್ಕಿಂತ ಸುಮಾರು ಒಂದೂವರೆ ಅಂಶ ಕಡಿಮೆ ಇರುವ `SIDM_RAMAN` ಹಾಕಿ ನೋಡಿದೆ. ಮಿಥುನ ಸಂಕ್ರಮಣ ಒಂದೂವರೆ ದಿನ ಹಿಂದಕ್ಕೆ ಸರಿದು ಅಮಾವಾಸ್ಯೆಗೆ ಮುಂಚೆ ಬಂತು, ಅಧಿಕ ಜ್ಯೇಷ್ಠ ಮಾಯವಾಗಿ ಅಧಿಕ ಆಷಾಢ ಹುಟ್ಟಿತು. ಕೋಡಿನಲ್ಲಿ ಈ ಸಾಲನ್ನು ಬರೆಯುವುದು ಮರೆತರೆ ಲೈಬ್ರರಿ ತನ್ನದೇ ಪೂರ್ವನಿಗದಿತ ಅಯನಾಂಶ ಹಿಡಿದುಕೊಳ್ಳುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ:

```python
swe.set_sid_mode(swe.SIDM_LAHIRI)
```

ಅಧಿಕಮಾಸದಲ್ಲಿ ವಾರ್ಷಿಕ ಹಬ್ಬಗಳ ಸಾಲು ಓಡಬಾರದು, ಅವು ನಿಜಮಾಸಕ್ಕೆ. ಆದರೆ ಏಕಾದಶಿ, ಸಂಕಷ್ಟಿ, ಪ್ರದೋಷ ನಿಲ್ಲುವುದಿಲ್ಲ. ಏಕಾದಶಿಗಳ ಹೆಸರು ಮಾತ್ರ ಬದಲಾಗಿ ಶುಕ್ಲಪಕ್ಷದ್ದು ಪದ್ಮಿನಿ, ಕೃಷ್ಣಪಕ್ಷದ್ದು ಪರಮಾ. ಹೆಸರು ಮಾಸದಿಂದ ತಾನಾಗಿ ಬರುವ ಹಾಗೆ ಮಾಡಿದ್ದರೆ ಅಲ್ಲಿ ನಿರ್ಜಲಾ ಏಕಾದಶಿಯ ಚಿತ್ರ ಒಂದು ತಿಂಗಳು ಮುಂಚೆ ಹೋಗಿಬಿಡುತ್ತದೆ, ನೀರೂ ಬಿಟ್ಟು ಉಪವಾಸ ಮಾಡುವ ಅಜ್ಜಿಯರಿಗೆ ಸುಮ್ಮನೆ ಶಿಕ್ಷೆ. ಅದಕ್ಕೇ ಮಾಸದ ಸಂಖ್ಯೆಯ ಪಕ್ಕದಲ್ಲಿ ಅಧಿಕವೋ ನಿಜವೋ ಎಂಬ ಗುರುತು ಕಡ್ಡಾಯ ಮಾಡಿದೆ.

ಏಕಾದಶಿಗೆ ಎರಡು ಸಾಲು

ಸ್ಮಾರ್ತರಿಗೆ ಸೂರ್ಯೋದಯಕ್ಕೆ ಏಕಾದಶಿ ಇದ್ದರೆ ಸಾಮಾನ್ಯವಾಗಿ ಸಾಕು. ವೈಷ್ಣವರಿಗೆ ಅರುಣೋದಯಕ್ಕೂ ದಶಮಿಯ ಸೋಂಕು ಇರಬಾರದು. ಅರುಣೋದಯ ಎಂದರೆ ಸೂರ್ಯೋದಯಕ್ಕೆ 4 ಘಳಿಗೆ, ಅಂದರೆ 96 ನಿಮಿಷ ಮೊದಲು. ಸೂರ್ಯೋದಯ 6:10 ಎಂದಿಟ್ಟುಕೊಳ್ಳಿ, ಅರುಣೋದಯ 4:34. ದಶಮಿ ಬೆಳಗಿನ 5 ಗಂಟೆಗೆ ಮುಗಿದರೆ ಸ್ಮಾರ್ತರ ಮನೆಯಲ್ಲಿ ಅಂದೇ ಉಪವಾಸ, ಮಾಧ್ವರ ಮನೆಯಲ್ಲಿ ಮರುದಿನ. ಪ್ರೋಗ್ರಾಂನಲ್ಲಿ ಇದು ಒಂದೇ ಒಂದು ಹೆಚ್ಚುವರಿ ಪರೀಕ್ಷೆ: ಉದಯಕ್ಕೆ 96 ನಿಮಿಷ ಮೊದಲಿನ ಕ್ಷಣದಲ್ಲಿ ತಿಥಿ 10 ಅಥವಾ 25 ಇದ್ದರೆ ವೈಷ್ಣವ ಸಾಲನ್ನು ಒಂದು ದಿನ ಮುಂದಕ್ಕೆ ತಳ್ಳು.

ಪೋಸ್ಟಿನಲ್ಲಿ ಮಾತ್ರ ಇದು ನಾಜೂಕು. ಎರಡೂ ಒಂದೇ ದಿನ ಬಂದಾಗ ಒಂದು ಚಿತ್ರ ಸಾಕು. ಬೇರೆಯಾದಾಗ ಎರಡನ್ನೂ ಒಂದೇ ಚಿತ್ರದಲ್ಲಿ, ಮೊದಲ ದಿನದ ಹಿಂದಿನ ಬೆಳಗ್ಗೆ ಹಾಕುತ್ತೇವೆ. ಎರಡು ದಿನ ಎರಡು ಪೋಸ್ಟ್ ಹಾಕಿದರೆ ಮೊದಲನೆಯದನ್ನಷ್ಟೇ ನೋಡಿದ ಮಾಧ್ವರು ಒಂದು ದಿನ ಮುಂಚೆ ಉಪವಾಸ ಕೂರುತ್ತಾರೆ, ಎರಡನೆಯದನ್ನಷ್ಟೇ ನೋಡಿದ ಸ್ಮಾರ್ತರು ದಿನ ತಪ್ಪುತ್ತಾರೆ. ಪಾರಣೆಯ ಹೊತ್ತೂ ಎರಡಕ್ಕೂ ಬೇರೆ. ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ, ಅದು ಕಳೆದ ಮೇಲೆಯೇ ಪಾರಣೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಿದ್ದೇನೆ.

ಡಿಕ್ಕಿಗಳು

ಎಲ್ಲ ಸಾಲೂ ಓಡಿದ ಮೇಲೆ ಉಳಿದದ್ದು ಪೋಸ್ಟ್‌ಗಳು ಒಂದರ ಮೇಲೊಂದು ಬೀಳುವ ತೊಂದರೆ. 2026ರಲ್ಲಿ ಗೌರಿಯೂ ಗಣೇಶನೂ ಒಂದೇ ದಿನ, ಸೆಪ್ಟೆಂಬರ್ 14ರ ಸೋಮವಾರ. ತದಿಗೆ ಬೆಳಗ್ಗೆ ಏಳು ದಾಟುತ್ತಿದ್ದಂತೆ ಮುಗಿಯುತ್ತದೆ, ಸೂರ್ಯೋದಯಕ್ಕೆ ತದಿಗೆ ಇರುವುದರಿಂದ ಗೌರಿ. ಅಲ್ಲಿಂದ ಚೌತಿ ಹಿಡಿದು ಮಧ್ಯಾಹ್ನಕ್ಕೆ ಅದೇ ಇರುವುದರಿಂದ ಗಣೇಶ. ಎರಡು ಕ್ಷಣ ಬೇರೆ, ದಿನ ಒಂದು. ಹಳೆಯ ಶೀಟಿನಂತೆ ಬೆಳಗ್ಗೆ ಏಳಕ್ಕೆ ಎಲ್ಲ ಹಾಕುವುದಾದರೆ ಬಾಗಿನದ ಹಾಡು, ಮೋದಕ, ಸಂಕಲ್ಪ ಎಲ್ಲ ಒಟ್ಟಿಗೆ ಹೋಗುತ್ತಿದ್ದವು. ಕ್ಷಣದಿಂದ ಹಿಂದಕ್ಕೆ ಎಣಿಸುವುದರಿಂದ ಗಣೇಶನ ಸಾಮಾನು ಪಟ್ಟಿ 11ರ ಸಂಜೆ, ಬಾಗಿನದ್ದು 12ಕ್ಕೆ ಎಂದು ತಾನಾಗಿ ಬಿಡಿಬಿಡಿಯಾಯಿತು. ರಾತ್ರಿ ಹತ್ತರಿಂದ ಬೆಳಗಿನ ಐದರ ನಡುವೆ ಬೀಳುವ ಪೋಸ್ಟನ್ನು ಹಿಂದಿನ ಸಂಜೆ ಆರೂವರೆಗೆ ಎಳೆದುಕೊ, ಎರಡು ಪೋಸ್ಟ್ ನಡುವೆ ಮೂರು ಗಂಟೆ ಬಿಡು ಎಂಬ ಎರಡು ನಿಯಮ ಸೇರಿಸಿದ ಮೇಲೆ ಹೆಚ್ಚಿನವು ಬಗೆಹರಿದವು. ಎಣ್ಣೆಸ್ನಾನ, ಪಾರಣೆಯಂಥ ಜಾವದ ಪೋಸ್ಟ್‌ಗೆ ಮೊದಲ ನಿಯಮದಿಂದ ವಿನಾಯಿತಿ.

ಅಡುಗೆಯ ವಿಡಿಯೊಗಳದ್ದು ಬೇರೆ ಬಗೆಯ ಡಿಕ್ಕಿ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ನಾಲ್ಕು ವ್ರತ: ಮೊದಲು ಶಾಕವ್ರತ, ಆಮೇಲೆ ದಧಿವ್ರತ, ಕ್ಷೀರವ್ರತ, ಕೊನೆಗೆ ದ್ವಿದಳವ್ರತ. ತರಕಾರಿ, ಮೊಸರು, ಹಾಲು, ಬೇಳೆ ಒಂದೊಂದಾಗಿ ಬಿಡುತ್ತಾರೆ. ದಧಿವ್ರತದ ನಡುವೆ ಮೊಸರನ್ನದ ನೈವೇದ್ಯದ ವಿಡಿಯೊ, ಕ್ಷೀರವ್ರತದಲ್ಲಿ ಶ್ಯಾವಿಗೆ ಪಾಯಸ ಹಾಕಿದರೆ ಅಡಿಯಲ್ಲಿ ಬರುವ ಮಾತುಗಳನ್ನು ಓದಲಾಗದು. ಪ್ರತಿ ಅಡುಗೆ ವಿಡಿಯೊಗೂ ಅದರಲ್ಲಿ ಏನಿದೆ ಎಂದು ಗುರುತು ಹಾಕಿ, ಆ ಅವಧಿಯಲ್ಲಿ ತಡೆಯುವ ಕಾಲಂ ಇಟ್ಟಿದ್ದೇನೆ. ಗುರುತು ಹಾಕುವುದು ಕೈಕೆಲಸ. ಹಳೆಯ ವಿಡಿಯೊ ಎಲ್ಲವನ್ನೂ ಕಾರ್ಯದರ್ಶಿ ಅಮ್ಮನವರೇ ಕೂತು ನೋಡಿ ಹಾಕಿದರು, ಸಾಂಬಾರಿನಲ್ಲಿ ಬೇಳೆ ಇದೆಯೆಂದು ನನಗೆ ನೆನಪಿಸಿದ್ದೂ ಅವರೇ.

ಸಹಿಗೆ ಕಾದಿರುವ ಪಟ್ಟಿಯಲ್ಲಿ ಇನ್ನೂ ಒಂದು ಸಾಲು ತೆರೆದೇ ಇದೆ, ವರಮಹಾಲಕ್ಷ್ಮಿ. ಶ್ರಾವಣದ ಎರಡನೇ ಶುಕ್ರವಾರ ಎಂದು ಕೆಲವರು, ಹುಣ್ಣಿಮೆಗೆ ಹತ್ತಿರದ ಶುಕ್ರವಾರ ಎಂದು ಕೆಲವರು. ಬಹಳ ವರ್ಷ ಎರಡೂ ಒಂದೇ ದಿನಕ್ಕೆ ಬರುತ್ತವೆ. 2026ರಲ್ಲಿ ಶ್ರಾವಣ ಆಗಸ್ಟ್ 13ರ ಗುರುವಾರ ಶುರು, ಶುಕ್ರವಾರಗಳು 14, 21, 28. ಹುಣ್ಣಿಮೆ 28ರ ಬೆಳಗ್ಗೆ 9:48ರ ಸುಮಾರಿನವರೆಗೆ ಇದೆ, ಅಂದರೆ ಆ ಶುಕ್ರವಾರದ ಸೂರ್ಯೋದಯಕ್ಕೆ ಹುಣ್ಣಿಮೆಯೇ. ಎರಡನೆಯದು ಎಂದರೆ 21, ಹುಣ್ಣಿಮೆಯ ಶುಕ್ರವಾರವೂ ಸಲ್ಲುತ್ತದೆ ಎಂದರೆ 28. ಎರಡು ತಾರೀಖಿಗೂ ಸಾಮಾನಿನ ಪಟ್ಟಿಯ ಪೋಸ್ಟ್ ತಯಾರಾಗಿದೆ. ಪುರೋಹಿತರಿಗೆ ಕೇಳಿಕಳಿಸಿದ್ದೇವೆ, ಅವರು ಹೇಳಿದ ಕಡೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸುವುದು. ತುಳುನಾಡಿನ ನೋಡುಗರು ಕೇಳುತ್ತಿರುವ ಆಟಿ, ಸೋಣ ತಿಂಗಳ ಸಾಲುಗಳು, ಧನುರ್ಮಾಸ, ತಲಕಾವೇರಿಯ ತೀರ್ಥೋದ್ಭವ ಇವೆಲ್ಲ ಸೌರಮಾನದವು. ಅವಕ್ಕೆ ತಿಥಿ ಬೇಡ, ಸಂಕ್ರಮಣದ ಕ್ಷಣ ಸಾಕು, ಬೇರೆ ಶೀಟಿನಲ್ಲಿ ಈಗಷ್ಟೇ ಶುರು ಮಾಡಿದ್ದೇನೆ.